ಲಕ್ಷ, ಕೋಟಿ, ಮಿಲಿಯನ್: ಆಢಾವೆ ಪತ್ರಿಕೆಯನ್ನು ಅನುವಾದಿಸುವಾಗ ಅಂಕಿಗಳನ್ನು ತಪ್ಪಿಲ್ಲದೆ ದಾಟಿಸುವ ಕ್ರಮ

ಹಣಕಾಸು ವರದಿಯ ಅನುವಾದದಲ್ಲಿ ಪದಗಳು ತಪ್ಪಿದರೆ ಓದುವವರು ಸಂದರ್ಭ ನೋಡಿ ಸರಿಪಡಿಸಿಕೊಂಡಾರು. ಅಂಕಿ ತಪ್ಪಿದರೆ ಅದನ್ನು ತಪ್ಪೆಂದು ಗುರುತಿಸುವುದಕ್ಕೂ ಆಧಾರವಿರುವುದಿಲ್ಲ. ಲಕ್ಷವನ್ನು ಮಿಲಿಯನ್ನಿಗೆ ಬದಲಾಯಿಸುವ ಲೆಕ್ಕವೇನೋ ಐದನೇ ತರಗತಿಯದು. ಹತ್ತು ಲಕ್ಷಕ್ಕೆ ಒಂದು ಮಿಲಿಯನ್, ಒಂದು ಕೋಟಿಗೆ ಹತ್ತು ಮಿಲಿಯನ್, ನೂರು ಕೋಟಿಗೆ ಒಂದು ಬಿಲಿಯನ್, ಒಂದು ಲಕ್ಷ ಕೋಟಿಗೆ ಒಂದು ಟ್ರಿಲಿಯನ್. ಇಷ್ಟು ಗೊತ್ತಿದ್ದವರೂ ಎಡವುವುದು ಗುಣಾಕಾರದಲ್ಲಿ ಅಲ್ಲ, ಅಂಕಿಯನ್ನು ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಸಾಗಿಸುವ ದಾರಿಯಲ್ಲಿ. ಆ ದಾರಿಯನ್ನು, ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಕನ್ನಡ ವಾರ್ಷಿಕ ವರದಿಯನ್ನು ಇಂಗ್ಲಿಷಿಗೆ ತರುವ ಉದಾಹರಣೆಯೊಂದಿಗೆ, ಹಂತ ಹಂತವಾಗಿ ಇಲ್ಲಿ ವಿವರಿಸಿದ್ದೇನೆ. ಉದಾಹರಣೆಯ ಮೊತ್ತಗಳು ವಿವರಣೆಗಾಗಿ ನಾನೇ ಕಟ್ಟಿಕೊಂಡವು.

ಮೊದಲ ಹಂತ: ಅಂಕಣದ ತಲೆಬರಹವನ್ನು ಓದಿ, ಅಳತೆಯ ಮಾನವನ್ನು ನಿರ್ಧರಿಸಿ

ಯಾವುದೇ ತಃಖ್ತೆಯನ್ನು ಕೈಗೆತ್ತಿಕೊಂಡಾಗ ಮೊದಲು ಓದಬೇಕಾದದ್ದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುವ ‘ರೂ. ಲಕ್ಷಗಳಲ್ಲಿ’ ಅಥವಾ ‘ರೂ. ಕೋಟಿಗಳಲ್ಲಿ’ ಎಂಬ ಸಾಲು. ಅದನ್ನು ಓದದೆ ಅಂಕಿಯನ್ನು ಮುಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಎರಡು ದೊಡ್ಡ ಕಂಪನಿಗಳ ವರದಿಗಳೇ ಸಾಕು. 2023–24ರ ಹಣಕಾಸು ವರ್ಷದಲ್ಲಿ ಇನ್ಫೊಸಿಸ್‌ನ ಆದಾಯ 1,53,670 ಎಂದೂ ವಿಪ್ರೊದ ಆದಾಯ 897,603 ಎಂದೂ ಅವುಗಳ ತಃಖ್ತೆಗಳಲ್ಲಿ ಮುದ್ರಿತವಾಗಿವೆ. ಎರಡೂ ಆರಂಕಿಯ ಸಂಖ್ಯೆಗಳು. ತಲೆಬರಹವನ್ನು ಬಿಟ್ಟು ಓದಿದವನಿಗೆ ವಿಪ್ರೊ ಸುಮಾರು ಆರು ಪಟ್ಟು ದೊಡ್ಡದಾಗಿ ಕಾಣುತ್ತದೆ. ಆದರೆ ಮೊದಲನೆಯದು ಕೋಟಿಗಳಲ್ಲಿದೆ, ಎರಡನೆಯದು ಮಿಲಿಯನ್‌ಗಳಲ್ಲಿದೆ. ಹತ್ತರಿಂದ ಭಾಗಿಸಿದಾಗ ವಿಪ್ರೊದ ಆದಾಯ 89,760 ಕೋಟಿ ರೂಪಾಯಿಯಾಗುತ್ತದೆ. ಅಲ್ಪವಿರಾಮ ಬಿದ್ದಿರುವ ಜಾಗವೂ ಇಲ್ಲಿ ಸುಳಿವು ಕೊಡುತ್ತದೆ, ಆದರೆ ಅದು ಸುಳಿವು ಮಾತ್ರ, ಸಾಕ್ಷ್ಯ ತಲೆಬರಹದಲ್ಲಿದೆ.

ಕಂಪನಿಗಳಿಗೆ ಈ ವಿಷಯದಲ್ಲಿ ಕಾನೂನಿನ ಚೌಕಟ್ಟಿದೆ. 2013ರ ಕಂಪನಿಗಳ ಕಾಯ್ದೆಯ ಮೂರನೇ ಅನುಸೂಚಿಯ ಪ್ರಕಾರ, ಒಟ್ಟು ಆದಾಯ ನೂರು ಕೋಟಿಗಿಂತ ಕಡಿಮೆಯಿದ್ದರೆ ಮೊತ್ತಗಳನ್ನು ನೂರು, ಸಾವಿರ, ಲಕ್ಷ ಅಥವಾ ಮಿಲಿಯನ್‌ಗಳಲ್ಲಿ, ನೂರು ಕೋಟಿ ಮತ್ತು ಅದಕ್ಕಿಂತ ಹೆಚ್ಚಿದ್ದರೆ ಲಕ್ಷ, ಮಿಲಿಯನ್ ಅಥವಾ ಕೋಟಿಗಳಲ್ಲಿ ತೋರಿಸಬೇಕು. ಒಮ್ಮೆ ಆರಿಸಿಕೊಂಡ ಮಾನವನ್ನು ಇಡೀ ತಃಖ್ತೆಯಲ್ಲಿ ಒಂದೇ ರೀತಿ ಬಳಸಬೇಕು. ಆದ್ದರಿಂದ ಕಂಪನಿಯ ತಃಖ್ತೆಯನ್ನು ಕನ್ನಡಕ್ಕೆ ತರುವಾಗ ‘ಮಿಲಿಯನ್ ನಮ್ಮವರಿಗೆ ಅರ್ಥವಾಗುವುದಿಲ್ಲ’ ಎಂದುಕೊಂಡು ಅನುವಾದಕರು ತಾವಾಗಿಯೇ ಕೋಟಿಗೆ ಬದಲಾಯಿಸಬಾರದು. ಮೂಲದ ಮಾನವನ್ನೇ ಉಳಿಸಿ, ಬದಲಾವಣೆ ಬೇಕೆನಿಸಿದರೆ ವರದಿಯ ಒಡೆಯರನ್ನು ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ಇಂಗ್ಲಿಷಿಗೆ ಹೋಗುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಓದುವವರು ಯಾರು? ಬ್ಯಾಂಕು, ಲೆಕ್ಕಪರಿಶೋಧಕರು, ಆದಾಯ ತೆರಿಗೆ ಕಚೇರಿ ಎಂದಾದರೆ ಇಂಗ್ಲಿಷಿನಲ್ಲೂ ಲಕ್ಷ, ಕೋಟಿಗಳೇ ಇರಲಿ. ಅವು ಭಾರತೀಯ ಇಂಗ್ಲಿಷಿನ ಪದಗಳು. ಹೊರದೇಶದ ದಾನಿ ಸಂಸ್ಥೆಗೆ ಹೋಗುವ ವರದಿಯಾದರೆ ಮಾತ್ರ ಮಿಲಿಯನ್ ಬೇಕಾಗುತ್ತದೆ. ಲಕ್ಷದ ವರದಿಯಾದರೆ ಇಂಗ್ಲಿಷ್ ತಲೆಬರಹವನ್ನು ಹೀಗೆ ಬರೆಯಿರಿ, ಎಲ್ಲ ಪುಟಗಳಲ್ಲೂ ಅಕ್ಷರಶಃ ಇದೇ ರೂಪದಲ್ಲಿರಲಿ:

```
(₹ in lakh)
```

ಎರಡನೇ ಹಂತ: ಪೂರ್ಣ ರೂಪಾಯಿಯಲ್ಲಿ ಎಕ್ಸೆಲ್ ಹಾಳೆಗೆ ಇಳಿಸಿ

ನಮ್ಮ ಸಂಘದ ವರದಿಯಲ್ಲಿ ಮೊತ್ತಗಳು ಪೂರ್ಣ ರೂಪಾಯಿಯಲ್ಲಿವೆ. ಇಂಗ್ಲಿಷ್ ವರದಿ ಲಕ್ಷಗಳಲ್ಲಿ ಬೇಕಾಗಿದೆ. ಅನುವಾದ ಮಾಡುತ್ತ ಮಾಡುತ್ತ ಮನಸ್ಸಿನಲ್ಲೇ ಭಾಗಿಸಿ ಬರೆಯುವ ಚಪಲವನ್ನು ತಡೆದುಕೊಂಡು, ಮೊದಲು ಮೂಲದ ಅಂಕಿಗಳನ್ನು ಇದ್ದ ಹಾಗೆಯೇ ಒಂದು ಹಾಳೆಗೆ ಇಳಿಸಬೇಕು, ಇಳಿಸಿದ ಮೇಲೆ ಮೂಲದ ಒಟ್ಟು ಮೊತ್ತ ಬರುತ್ತದೆಯೇ ಎಂದು ಕೂಡಿ ನೋಡಬೇಕು. ಆ ಮೊತ್ತ ಬರುವವರೆಗೆ ಮುಂದಿನ ಹಂತಕ್ಕೆ ಹೋಗಬಾರದು.

ಇಲ್ಲಿ ಕನ್ನಡ ಲೆಕ್ಕಪತ್ರಗಳಿಗೇ ವಿಶಿಷ್ಟವಾದ ಒಂದು ತೊಡಕಿದೆ. ನಮ್ಮ ಗುಮಾಸ್ತರು ಪೈಸೆಯನ್ನು ಚುಕ್ಕೆಯಿಂದಲ್ಲ, ಅಡ್ಡಗೆರೆಯಿಂದ ಬೇರ್ಪಡಿಸಿ 12,05,48,390-00 ಎಂದು ಬರೆಯುತ್ತಾರೆ. ಕೆಲವೆಡೆ 5,000/- ಎಂದೂ ಇರುತ್ತದೆ. ಇದನ್ನು ಹಾಗೆಯೇ ನಕಲು ಮಾಡಿ ಅಂಟಿಸಿದರೆ ಎಕ್ಸೆಲ್ ಅದನ್ನು ಸಂಖ್ಯೆಯೆಂದು ಒಪ್ಪದೆ ಬರಹವೆಂದು ಇಟ್ಟುಕೊಳ್ಳುತ್ತದೆ, ಕೂಡುವಾಗ ಆ ಸಾಲನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ತಪ್ಪಿನ ಸೂಚನೆ ಬರುವುದಿಲ್ಲ. ಒಟ್ಟು ಮೊತ್ತ ಮಾತ್ರ ಕಡಿಮೆ ಬರುತ್ತದೆ. ಬೆರಳಚ್ಚಿನಲ್ಲಿ ೧, ೨, ೩ ಎಂದು ಕನ್ನಡ ಅಂಕಿಗಳಿದ್ದರೂ ಇದೇ ಗತಿ. ಕನ್ನಡದ ಸೊನ್ನೆಯ ಜಾಗದಲ್ಲಿ ಅನುಸ್ವಾರವನ್ನು ಒತ್ತಿರುವುದೂ ಉಂಟು. ಕಣ್ಣಿಗೆ ಎರಡೂ ಒಂದೇ ಆಗಿ ಕಾಣುವುದರಿಂದ ಅದನ್ನು ಹಿಡಿಯುವುದು ಕಷ್ಟ. ಪಕ್ಕದ ಅಂಕಣದಲ್ಲಿ ಮೊದಲನೆಯ ಸೂತ್ರವನ್ನು ಹಾಕಿ, `FALSE` ಎಂದು ಬಂದ ಸಾಲುಗಳನ್ನೆಲ್ಲ ಸರಿಪಡಿಸಿ. ಎರಡನೆಯ ಸೂತ್ರ ಕೊನೆಯ /- ಅನ್ನು ತೆಗೆದು, ಅಡ್ಡಗೆರೆಯ ಪೈಸೆಯನ್ನು ಚುಕ್ಕೆಗೆ ಬದಲಾಯಿಸುತ್ತದೆ.

```
=ISNUMBER(B5)
=VALUE(SUBSTITUTE(SUBSTITUTE(SUBSTITUTE(B5,"/-",""),",",""),"-","."))
```

ಎರಡನೆಯ ಸೂತ್ರ ಉಳಿದ ಎಲ್ಲ ಅಡ್ಡಗೆರೆಗಳನ್ನೂ ಚುಕ್ಕೆ ಮಾಡುವುದರಿಂದ, ಮೊದಲಿಗೇ ಋಣ ಚಿಹ್ನೆ ಇರುವ ನಷ್ಟದ ಸಾಲುಗಳಿಗೆ ಅದನ್ನು ಬಳಸಬೇಡಿ. ಅಂಥವನ್ನು ಕೈಯಿಂದಲೇ ತುಂಬಿ. ಕನ್ನಡ ಅಂಕಿಗಳನ್ನೂ ಕೈಯಿಂದ ತುಂಬುವುದೇ ಕ್ಷೇಮ. ಹಾಗೆ ತುಂಬುವಾಗ ೬ ಮತ್ತು ೯, ೦ ಮತ್ತು ೧ ಈ ಜೋಡಿಗಳನ್ನು ಮಸುಕಾದ ಜೆರಾಕ್ಸ್ ಪ್ರತಿಯಲ್ಲಿ ಎರಡೆರಡು ಸಲ ನೋಡಬೇಕು.

ಮೂರನೇ ಹಂತ: ಲಕ್ಷದ ಸ್ಥಾನದ ಸೊನ್ನೆಯನ್ನು ಕಾಯಿರಿ

ಈ ಬರಹದಲ್ಲಿ ಒಂದೇ ವಿಷಯವನ್ನು ನೆನಪಿಟ್ಟುಕೊಳ್ಳಬೇಕೆಂದರೆ ಅದು ಇದು. ಸಂಘದ ಠೇವಣಿ 12,05,48,390 ರೂಪಾಯಿ. ಬಾಯಿಮಾತಿನಲ್ಲಿ ಇದು ಹನ್ನೆರಡು ಕೋಟಿ ಐದು ಲಕ್ಷ ಚಿಲ್ಲರೆ. ಕಾರ್ಯದರ್ಶಿ ಫೋನಿನಲ್ಲಿ ‘ಹನ್ನೆರಡು ಕೋಟಿ ಐದು ಲಕ್ಷ ಸಾರ್’ ಎಂದಾಗ ಕೈ ತಾನಾಗಿಯೇ 12.5 ಕೋಟಿ ಎಂದು ಬರೆದುಬಿಡುತ್ತದೆ. 12.5 ಕೋಟಿ ಎಂದರೆ ಹನ್ನೆರಡೂವರೆ ಕೋಟಿ, ಅಂದರೆ ಹನ್ನೆರಡು ಕೋಟಿ ಐವತ್ತು ಲಕ್ಷ. ಸರಿಯಾದ ರೂಪ 12.05 ಕೋಟಿ. ಒಂದು ಸೊನ್ನೆ ಬಿಟ್ಟುಹೋದದ್ದಕ್ಕೆ ನಲವತ್ತೈದು ಲಕ್ಷದ ವ್ಯತ್ಯಾಸವಾಯಿತು, ಅದೂ ಯಾರಿಗೂ ಅನುಮಾನ ಬಾರದ ಗಾತ್ರದ ವ್ಯತ್ಯಾಸ. ಹತ್ತು ಪಟ್ಟು ತಪ್ಪಾಗಿದ್ದರೆ ಯಾರಾದರೂ ಹುಬ್ಬೇರಿಸುತ್ತಿದ್ದರು. ಇದು ಹಾಗೆಯೇ ಮುದ್ರಣಕ್ಕೆ ಹೋಗುತ್ತದೆ.

ಕೋಟಿಯ ನಂತರದ ಚುಕ್ಕೆಯ ಬಲಕ್ಕೆ ಮೊದಲ ಎರಡು ಸ್ಥಾನಗಳು ಲಕ್ಷಕ್ಕೇ ಮೀಸಲು. ಲಕ್ಷ ಒಂದಂಕಿಯದಾದರೆ ಅದರ ಎಡಕ್ಕೆ ಸೊನ್ನೆ ಬರಲೇಬೇಕು. ಲಕ್ಷದ ನಂತರದ ಚುಕ್ಕೆಗೂ ಇದೇ ನಿಯಮ, ಅಲ್ಲಿ ಎರಡು ಸ್ಥಾನಗಳು ಸಾವಿರದವು. ಹಾಗಾಗಿ ಸಂಘದ ನಿಧಿಗಳ 96,07,425 ರೂಪಾಯಿ 96.07 ಲಕ್ಷವಾಗುತ್ತದೆ, 96.7 ಅಲ್ಲ. ಇದೇ ಕಾರಣಕ್ಕೆ ವರದಿಯುದ್ದಕ್ಕೂ ಎರಡು ದಶಮಾಂಶ ಸ್ಥಾನಗಳನ್ನು ಬಿಡದೆ ಬರೆಯುವುದು ಒಳ್ಳೆಯದು. 12.50 ಎಂದು ಬರೆಯುವ ರೂಢಿಯಿದ್ದವರಿಗೆ 12.5 ಕಂಡಾಗಲೇ ಏನೋ ಕಳೆದುಹೋಗಿದೆ ಎಂದು ಗೊತ್ತಾಗುತ್ತದೆ.

ಕಾಲು, ಅರೆ, ಮುಕ್ಕಾಲುಗಳಿಗೂ ಇಲ್ಲೇ ಜಾಗ. ಅಧ್ಯಕ್ಷರ ಭಾಷಣದಲ್ಲಿ ‘ಒಂದೂಮುಕ್ಕಾಲು ಕೋಟಿ’ ಎಂದಿದ್ದರೆ ಅದು 1.75 ಕೋಟಿ, ಅಂದರೆ 175 ಲಕ್ಷ ಅಥವಾ 17.5 ಮಿಲಿಯನ್. ಆದರೆ ಭಾಷಣದ ಮುಕ್ಕಾಲು ಅಂದಾಜಿನ ಮಾತಾಗಿರಬಹುದು. ತಃಖ್ತೆಯ ನಿಖರ ಅಂಕಿಯನ್ನು ನೋಡಿ, ಅನುವಾದದಲ್ಲಿ ‘ಸುಮಾರು’ ಎಂಬ ಅರ್ಥ ಉಳಿಯಬೇಕೇ ಎಂದು ತೀರ್ಮಾನಿಸಿ.

ನಾಲ್ಕನೇ ಹಂತ: ಮಾನ ಬದಲಾಯಿಸಿ, ಒಟ್ಟು ಮೊತ್ತವನ್ನು ಬೇರೆಯಾಗಿ ಬದಲಾಯಿಸಿ

ಪ್ರತಿ ಸಾಲನ್ನೂ ಒಂದು ಲಕ್ಷದಿಂದ ಭಾಗಿಸಿ, ಎರಡು ದಶಮಾಂಶ ಸ್ಥಾನಗಳ ಸಮೀಪದ ಅಂಕಿಗೆ ಹೊಂದಿಸಿದಾಗ ಸಂಘದ ಜವಾಬ್ದಾರಿಗಳ ಬದಿ ಹೀಗಾಗುತ್ತದೆ:

| ಬಾಬ್ತು | ಮೂಲ (ರೂ.) | ರೂ. ಲಕ್ಷಗಳಲ್ಲಿ |
|---|---|---|
| ಷೇರು ಬಂಡವಾಳ | 1,84,35,650 | 184.36 |
| ಕಾಯ್ದಿಟ್ಟ ಮತ್ತು ಇತರ ನಿಧಿಗಳು | 96,07,425 | 96.07 |
| ಠೇವಣಿಗಳು | 12,05,48,390 | 1,205.48 |
| ಜಿಲ್ಲಾ ಬ್ಯಾಂಕಿನ ಸಾಲ | 7,62,00,000 | 762.00 |
| ಇತರ ಜವಾಬ್ದಾರಿಗಳು | 31,74,485 | 31.74 |
| ನಿವ್ವಳ ಲಾಭ | 22,16,748 | 22.17 |
| ಒಟ್ಟು | 23,01,82,698 | 2,301.83 |

ಬಲಗಡೆಯ ಆರು ಸಾಲುಗಳನ್ನು ಕೂಡಿ ನೋಡಿ: 2,301.82 ಬರುತ್ತದೆ, 2,301.83 ಅಲ್ಲ. ಆದರೂ ತಃಖ್ತೆಯಲ್ಲಿರುವುದೇ ಸರಿ, ಏಕೆಂದರೆ ಒಟ್ಟು ಮೊತ್ತವನ್ನು ಹೊಂದಿಸಿದ ಸಾಲುಗಳಿಂದಲ್ಲ, ಮೂಲದ 23,01,82,698 ರೂಪಾಯಿಯಿಂದಲೇ ಪಡೆಯಬೇಕು. ಆಸ್ತಿಗಳ ಬದಿಯ ಒಟ್ಟು ಮೊತ್ತವೂ ಅದೇ ಮೂಲದಿಂದ ಬರುವುದರಿಂದ ಎರಡು ಬದಿಗಳು ಸರಿದೂಗುತ್ತವೆ. ಒಂದು ಪೈಸೆಯಷ್ಟು ಕಾಣುವ ಈ ಅಂತರ ನಿಜದಲ್ಲಿ ಸಾವಿರ ರೂಪಾಯಿಯದು ಎಂಬುದೂ ನೆನಪಿರಲಿ. ಕೆಲವರು ಯಾವುದಾದರೂ ಒಂದು ಸಾಲಿಗೆ 0.01 ಸೇರಿಸಿ ‘ಸರಿಮಾಡುತ್ತಾರೆ’. ಅದು ಅನುವಾದಕರ ಕೆಲಸವಲ್ಲ. ಹಾಗೆ ಸೇರಿಸಿದ ಸಾಲು ವರದಿಯ ಒಳಪುಟದ ಅನುಬಂಧದೊಂದಿಗೆ ತಾಳೆಯಾಗುವುದಿಲ್ಲ. ‘ಅಂಕಿಗಳನ್ನು ಸಮೀಪದ ಸ್ಥಾನಕ್ಕೆ ಹೊಂದಿಸಿರುವುದರಿಂದ ಮೊತ್ತಗಳಲ್ಲಿ ಅಲ್ಪ ವ್ಯತ್ಯಾಸ ಕಾಣಬಹುದು’ ಎಂದು ಕೆಳಗೆ ಒಂದು ಸಾಲು ಬರೆದರೆ ಸಾಕು.

```
=ROUND(B5/100000,2)
=ROUND(SUM(B5:B10)/100000,2)
```

ಹೊಂದಿಸುವುದು ಬೇರೆ, ಕತ್ತರಿಸುವುದು ಬೇರೆ ಎಂಬುದನ್ನೂ ಇಲ್ಲೇ ಹೇಳಬೇಕು. 2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮಂಡಿಸಿದ ರಾಜ್ಯ ಬಜೆಟ್‌ನ ಗಾತ್ರ 4,09,549 ಕೋಟಿ ರೂಪಾಯಿ. ಸುದ್ದಿಯಲ್ಲಿ ಅದು 4.09 ಲಕ್ಷ ಕೋಟಿ ಎಂದು ಓಡಾಡಿತು. ಉಳಿದ ಅಂಕಿಗಳನ್ನು ಕತ್ತರಿಸಿದರೆ 4.09 ಬರುತ್ತದೆ, ನಿಯಮದಂತೆ ಹೊಂದಿಸಿದರೆ 4.10 ಲಕ್ಷ ಕೋಟಿ, ಅಂದರೆ 4.10 ಟ್ರಿಲಿಯನ್ ರೂಪಾಯಿ. ತಲೆಬರಹದ ಸುದ್ದಿಗೆ ಎರಡೂ ನಡೆದೀತು. ಹಣಕಾಸು ವರದಿಯಲ್ಲಿ ಒಂದು ಪುಟ ಕತ್ತರಿಸಿ, ಇನ್ನೊಂದು ಪುಟ ಹೊಂದಿಸಿ ಬರೆದರೆ ಒಂದೇ ಮೊತ್ತಕ್ಕೆ ಎರಡು ಬೆಲೆ ಬರುತ್ತದೆ.

ಮಿಲಿಯನ್ ಬೇಕಾದಾಗ ಲಕ್ಷದಿಂದ ಮಿಲಿಯನ್ನಿಗೆ ಎರಡನೇ ಸಲ ಭಾಗಿಸಬೇಡಿ, ಮೂಲ ರೂಪಾಯಿಯನ್ನೇ ಹತ್ತು ಲಕ್ಷದಿಂದ ಭಾಗಿಸಿ. ಒಮ್ಮೆ ಹೊಂದಿಸಿದ ಅಂಕಿಯನ್ನು ಮತ್ತೆ ಹೊಂದಿಸಿದರೆ ಕೊನೆಯ ಸ್ಥಾನ ಜಾರುತ್ತದೆ. ಠೇವಣಿ 120.55 ಮಿಲಿಯನ್, ಒಟ್ಟು 230.18 ಮಿಲಿಯನ್ ಆಗುತ್ತದೆ.

ಭಾಗಿಸಬಾರದ ಸಾಲುಗಳು

ಇಡೀ ಅಂಕಣವನ್ನು ಆರಿಸಿ ಒಂದೇ ಏಟಿಗೆ ಭಾಗಿಸಿದಾಗ, ಹಣವಲ್ಲದ ಸಾಲುಗಳೂ ಅದರಲ್ಲಿ ಸಿಕ್ಕಿಬೀಳುತ್ತವೆ. ಸದಸ್ಯರ ಸಂಖ್ಯೆ 2,346 ಇದ್ದದ್ದು 0.02 ಆಗಿಬಿಡುತ್ತದೆ. ಷೇರುಗಳ ಸಂಖ್ಯೆ, ಷೇರಿನ ಮುಖಬೆಲೆ, ಪ್ರತಿ ಷೇರಿನ ಗಳಿಕೆ, ಶೇಕಡಾವಾರು ಡಿವಿಡೆಂಡ್, ಅನುಪಾತಗಳು, ದಿನಗಳ ಲೆಕ್ಕ ಇವೆಲ್ಲ ಯಾವ ಮಾನದಲ್ಲೂ ಇದ್ದ ಹಾಗೆಯೇ ಇರಬೇಕು. ಕಂಪನಿಗಳ ಇಂಗ್ಲಿಷ್ ತಃಖ್ತೆಗಳ ತಲೆಬರಹದಲ್ಲಿ ‘ಷೇರು ಮತ್ತು ಪ್ರತಿ ಷೇರಿನ ವಿವರ ಹೊರತುಪಡಿಸಿ’ ಎಂಬ ಅರ್ಥದ ಮಾತು ಇರುವುದು ಇದಕ್ಕೇ; ಕನ್ನಡಕ್ಕೆ ತರುವಾಗ ಅದನ್ನು ಅಲಂಕಾರದ ಮಾತೆಂದು ಬಿಡಬೇಡಿ.

ಐದನೇ ಹಂತ: ಅಲ್ಪವಿರಾಮ ಮತ್ತು ಅಕ್ಷರದ ಮೊತ್ತ ಒಂದೇ ಪದ್ಧತಿಯಲ್ಲಿರಲಿ

ಲಕ್ಷ, ಕೋಟಿಯ ವರದಿಯಲ್ಲಿ 23,01,82,698 ಎಂದೂ ಮಿಲಿಯನ್ ವರದಿಯಲ್ಲಿ 230,182,698 ಎಂದೂ ಬರೆಯಬೇಕು. ಭಾರತೀಯ ಪದ್ಧತಿಯ ಸೊಗಸೇನೆಂದರೆ ಅಲ್ಪವಿರಾಮಗಳ ನಡುವಿನ ಪ್ರತಿ ತುಂಡೂ ಅಕ್ಷರದ ಒಂದೊಂದು ಪದಕ್ಕೆ ಹೊಂದುತ್ತದೆ: ಇಪ್ಪತ್ತಮೂರು ಕೋಟಿ, ಒಂದು ಲಕ್ಷ, ಎಂಬತ್ತೆರಡು ಸಾವಿರದ ಆರುನೂರ ತೊಂಬತ್ತೆಂಟು. ಮಿಲಿಯನ್ ಪದ್ಧತಿಯ ಅಲ್ಪವಿರಾಮ ಹಾಕಿ, ಪಕ್ಕದಲ್ಲಿ ಕೋಟಿಯ ಪದಗಳನ್ನು ಬರೆದರೆ ಆ ಹೊಂದಾಣಿಕೆ ಮುರಿದು, ತಾಳೆ ನೋಡುವ ಸುಲಭ ದಾರಿಯೇ ಕೈತಪ್ಪುತ್ತದೆ.

ಎಕ್ಸೆಲ್‌ನ `#,##0` ಎಂಬ ರೂಪ ವಿಂಡೋಸ್‌ನ ಪ್ರದೇಶದ ಸೆಟ್ಟಿಂಗನ್ನು ಅನುಸರಿಸುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡ 23,01,82,698, ಅಮೆರಿಕದ ಸೆಟ್ಟಿಂಗ್ ಇರುವ ಕಂಪ್ಯೂಟರಿನಲ್ಲಿ ತೆರೆದಾಗ 230,182,698 ಆಗಿರುತ್ತದೆ. ಅದನ್ನು ತಪ್ಪಿಸಲು ಈ ರೂಪವನ್ನು ಬಳಸುವವರಿದ್ದಾರೆ:

```
[>=10000000]##\,##\,##\,##0;[>=100000]##\,##\,##0;##,##0
```

ಇದಕ್ಕೆ ಒಂದು ಮಿತಿಯಿದೆ. ಋಣ ಮೊತ್ತಗಳು ಮೂರನೆಯ ಭಾಗಕ್ಕೆ ಬೀಳುವುದರಿಂದ, ಅಂಥ ಕಂಪ್ಯೂಟರಿನಲ್ಲಿ ನಷ್ಟದ ಸಾಲುಗಳು ಮತ್ತೆ ಮಿಲಿಯನ್ ಪದ್ಧತಿಯಲ್ಲೇ ಕಾಣುತ್ತವೆ. ಕೊನೆಗೆ ಕಳುಹಿಸುವುದು ಪಿಡಿಎಫ್ ಆಗಿದ್ದರೆ ಈ ತಲೆನೋವೇ ಇಲ್ಲ.

ಇಂಗ್ಲಿಷಿನಿಂದ ಕನ್ನಡಕ್ಕೆ ಬರುವ ವಾಕ್ಯಗಳಲ್ಲಿ ಮಿಲಿಯನ್ನಿಗೆ ‘ದಶಲಕ್ಷ’, ಬಿಲಿಯನ್ನಿಗೆ ‘ಶತಕೋಟಿ’ ಎಂದು ಬರೆಯುವ ಪತ್ರಿಕಾ ರೂಢಿಯಿದೆ. ‘35 ದಶಲಕ್ಷ ಡಾಲರ್’ ಎಂದಾಗ ಓದುಗ ಮನಸ್ಸಿನಲ್ಲಿ ಇನ್ನೊಮ್ಮೆ ಗುಣಿಸಬೇಕಾಗುವುದರಿಂದ ‘3.5 ಕೋಟಿ ಡಾಲರ್’ ಎಂದೇ ಬರೆಯುವುದು ನನ್ನ ಪದ್ಧತಿ. ಆದರೆ ಡಾಲರನ್ನು ರೂಪಾಯಿಗೆ ಬದಲಾಯಿಸುವ ಗೋಜಿಗೆ ಹೋಗಬೇಡಿ. ವಿನಿಮಯ ದರ ಯಾವ ದಿನದ್ದು ಎಂಬ ಪ್ರಶ್ನೆಗೆ ಅನುವಾದಕರ ಬಳಿ ಉತ್ತರವಿರುವುದಿಲ್ಲ. ತಲೆಬರಹದಲ್ಲಿ ‘ಲಕ್ಷಗಳಲ್ಲಿ’ ಎಂದಿರುವಾಗ ಅಂಕಣದೊಳಗೆ ‘184.36 ಲಕ್ಷ’ ಎಂದು ಬರೆಯಬಾರದು, ಅದೇ ಅಂಕಿ ವಾಕ್ಯಕ್ಕೆ ಬಂದಾಗ ‘ಲಕ್ಷ’ವನ್ನು ಬಿಡಬಾರದು.

ಆರನೇ ಹಂತ: ತಾಳೆ ನೋಡುವುದು

ಕೆಲವು ವರ್ಷಗಳ ಹಿಂದೆ ನಾನೇ ಮಾಡಿದ ತಪ್ಪೊಂದನ್ನು ಈ ಸಂಘದ ಅಂಕಿಗಳಲ್ಲಿ ಹೇಳುತ್ತೇನೆ. ಈ ವರ್ಷದ ಅಂಕಣವನ್ನು ಮಿಲಿಯನ್ನಿಗೆ ಬದಲಾಯಿಸಿ, ಹಿಂದಿನ ವರ್ಷದ ಅಂಕಣವನ್ನು ಹಳೆಯ ಇಂಗ್ಲಿಷ್ ವರದಿಯಿಂದ ನಕಲು ಮಾಡಿದ್ದೆ, ಅದು ಲಕ್ಷದಲ್ಲಿತ್ತು. ಒಂದೇ ಸಾಲಿನಲ್ಲಿ ಠೇವಣಿ ಈ ವರ್ಷ 120.55, ಕಳೆದ ವರ್ಷ 1,118.21 ಎಂದು ನಿಂತಿತ್ತು. ಅಧ್ಯಕ್ಷರ ಮಾತಿನಲ್ಲಿ ಮಾತ್ರ ಠೇವಣಿ ಶೇ 7.8ರಷ್ಟು ಹೆಚ್ಚಾಗಿದೆ ಎಂದಿತ್ತು. ಆ ಶೇಕಡಾವಾರು ಇರದಿದ್ದರೆ ನನ್ನ ಕಣ್ಣಿಗೆ ಅದು ಬೀಳುತ್ತಲೇ ಇರಲಿಲ್ಲ.

ಅಂದಿನಿಂದ ಅನುಪಾತಗಳನ್ನೇ ತಾಳೆಗೆ ಬಳಸುತ್ತೇನೆ, ಏಕೆಂದರೆ ಮಾನ ಬದಲಾದರೂ ಅನುಪಾತ ಬದಲಾಗುವುದಿಲ್ಲ. ಷೇರು ಬಂಡವಾಳವನ್ನು ಒಟ್ಟು ಮೊತ್ತದಿಂದ ಭಾಗಿಸಿ: ಮೂಲ ರೂಪಾಯಿಯಲ್ಲಿ ಶೇ 8.01, ಲಕ್ಷದಲ್ಲೂ ಶೇ 8.01. ಪ್ರತಿ ಸಾಲಿಗೂ ಹೀಗೆ ಒಟ್ಟು ಮೊತ್ತದೊಂದಿಗಿನ ಪಾಲನ್ನೂ ಹಿಂದಿನ ವರ್ಷದೊಂದಿಗಿನ ಏರಿಳಿತವನ್ನೂ ಎರಡೂ ಭಾಷೆಯ ಹಾಳೆಗಳಲ್ಲಿ ಲೆಕ್ಕ ಹಾಕಿ ಪಕ್ಕಪಕ್ಕ ಇಟ್ಟರೆ, ತಪ್ಪಿ ಭಾಗಿಸಿದ ಅಥವಾ ಭಾಗಿಸದೆ ಬಿಟ್ಟ ಸಾಲು ತಾನಾಗಿಯೇ ಎದ್ದು ಕಾಣುತ್ತದೆ. ತೀರಾ ಸಣ್ಣ ಸಾಲುಗಳಲ್ಲಿ ಕೊನೆಯ ದಶಮಾಂಶ ಸ್ವಲ್ಪ ಅಲುಗಾಡುವುದು ಸಹಜ, ಅದಕ್ಕೆ ಗಾಬರಿ ಬೇಡ.

ಒಟ್ಟು ಮೊತ್ತವೂ ಎಲ್ಲ ಸಾಲುಗಳೂ ಒಂದೇ ಪ್ರಮಾಣದಲ್ಲಿ ತಪ್ಪಾಗಿದ್ದರೆ ಅನುಪಾತ ಅದನ್ನು ಹಿಡಿಯುವುದಿಲ್ಲ. ಅದಕ್ಕೆ ಅಂಕಿಗಳ ಎಣಿಕೆಯಿದೆ: ಲಕ್ಷಕ್ಕೆ ಆರಂಕಿ, ಮಿಲಿಯನ್ನಿಗೆ ಏಳು, ಕೋಟಿಗೆ ಎಂಟು. ಒಟ್ಟು ಮೊತ್ತದ ಒಂಬತ್ತಂಕಿಗಳನ್ನು ಬೆರಳಿಟ್ಟು ಎಣಿಸಿ, ಅದು ಹತ್ತಾರು ಕೋಟಿಯ ಮೊತ್ತವೇ ಎಂದು ಖಚಿತಪಡಿಸಿಕೊಳ್ಳಿ.

ಕೊನೆಯದಾಗಿ, ಮುದ್ರಣಕ್ಕೆ ಮುನ್ನ ಇಬ್ಬರು ಕುಳಿತು ಒಬ್ಬರು ಕನ್ನಡ ಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಇಂಗ್ಲಿಷ್ ಪ್ರತಿಯ ಮೇಲೆ ಪೆನ್ಸಿಲ್ ಇಟ್ಟು ನೋಡಬೇಕು. ಓದುವವರು ‘ಒಂದು ಎರಡು ಸೊನ್ನೆ ಐದು’ ಎಂದು ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳದೆ, ‘ಹನ್ನೆರಡು ಕೋಟಿ ಐದು ಲಕ್ಷ ನಲವತ್ತೆಂಟು ಸಾವಿರ’ ಎಂದು ಸ್ಥಾನದ ಹೆಸರಿನೊಂದಿಗೆ ಹೇಳಬೇಕು. ಆಗ ಪೆನ್ಸಿಲ್ ಹಿಡಿದವರು 1,205.48 ಎಂಬಲ್ಲಿ ನಿಂತು, ಹನ್ನೆರಡರ ಪಕ್ಕದ ಸೊನ್ನೆಯ ಮೇಲೆ ಒಂದು ಗುರುತು ಹಾಕಿ ಮುಂದಿನ ಸಾಲಿಗೆ ಹೋಗುತ್ತಾರೆ.